ರಸ್ತೆ ಅಗಲ ಮಾಡಿದ್ರಿ, ನೆರಳು ಎಲ್ಲಿಗೆ ಹೋಯ್ತು?

ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತಾದಾಗ ಓದಿ. ಇದು ಬಿಸಿಲಿನ ಲೆಕ್ಕ. ಹತ್ತನೇ ಕ್ಲಾಸಿನ ಗಣಿತಕ್ಕಿಂತ ಹೆಚ್ಚಿನದು ಏನೂ ಬೇಕಾಗಿಲ್ಲ.

ಮಾರ್ಕೆಟ್ ರಸ್ತೆ ಅಗಲೀಕರಣ ಅಂತ ಸುದ್ದಿ ಬಂದ ತಕ್ಷಣ ನಾವು ಕೇಳುವ ಪ್ರಶ್ನೆಗಳು ಎರಡೇ. ಎಷ್ಟು ಅಂಗಡಿ ಹೋಗುತ್ತೆ, ಎಷ್ಟು ಪರಿಹಾರ ಕೊಡ್ತಾರೆ. ಎರಡೂ ಕೇಳಬೇಕಾದವೇ. ಆದರೆ ಅಂಗಡಿಯೂ ಇಲ್ಲದ, ಪರಿಹಾರದ ಪಟ್ಟಿಯಲ್ಲಿ ಹೆಸರೂ ಇಲ್ಲದ ಜನ ಅದೇ ರಸ್ತೆಯಲ್ಲಿ ದಿನಕ್ಕೆ ಹತ್ತು ತಾಸು ಇರ್ತಾರೆ. ಸೊಪ್ಪು ಮಾರುವವರು, ಹೂ ಕಟ್ಟುವವರು, ಚಪ್ಪಲಿ ಹೊಲಿಯುವವರು, ಹಮಾಲರು, ಪೌರಕಾರ್ಮಿಕರು. ಈ ಜನ ಯಾರು, ಯಾವ ಕೇರಿಯಿಂದ ಬಂದವರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅವರಿಗೆ ಆ ಬೀದಿ ಕೊಡುವ ಒಂದೇ ಒಂದು ಸವಲತ್ತು ಅಂದ್ರೆ ನೆರಳು. ಅಗಲೀಕರಣದಲ್ಲಿ ಮೊದಲು ಹೋಗುವುದೂ ಅದೇ, ಯಾವ ಫೈಲಿನಲ್ಲೂ ದಾಖಲಾಗದೆ ಹೋಗುವುದೂ ಅದೇ.

ವಿಷಯ ಸರಳ. ಬೀದಿಯ ಎರಡೂ ಬದಿ ಇರುವ ಕಟ್ಟಡಗಳ ಎತ್ತರವನ್ನು ಬೀದಿಯ ಅಗಲದಿಂದ ಭಾಗಿಸಿ. ಅಗಲ ಅಂದ್ರೆ ಬರೀ ಟಾರು ಅಲ್ಲ, ಈ ಬದಿಯ ಗೋಡೆಯಿಂದ ಆ ಬದಿಯ ಗೋಡೆಯವರೆಗೆ, ಫುಟ್‌ಪಾತೂ ಸೇರಿ. 30 ಅಡಿ ಅಗಲದ ಬೀದಿ, ಮೂರು ಮಹಡಿಯ 30 ಅಡಿ ಕಟ್ಟಡ ಅಂದ್ರೆ ಅನುಪಾತ 1. ಅದೇ ಕಟ್ಟಡ 60 ಅಡಿ ಬೀದಿಯಲ್ಲಿ ನಿಂತರೆ ಅರ್ಧ. 15 ಅಡಿಯ ಗಲ್ಲಿಯಲ್ಲಿ ನಿಂತರೆ 2. ಈ ಒಂದು ಅಂಕಿ ಮತ್ತು ಬೀದಿ ಯಾವ ದಿಕ್ಕಿಗೆ ಮಲಗಿದೆ ಅನ್ನೋದು, ಇವೆರಡು ಗೊತ್ತಾದ್ರೆ ಯಾವ ತಿಂಗಳು, ಎಷ್ಟು ಗಂಟೆಗೆ, ಯಾವ ಬದಿಗೆ ನೆರಳು ಬೀಳುತ್ತೆ ಅಂತ ಮನೇಲಿ ಕೂತೇ ಹೇಳಬಹುದು.

ಉದಾಹರಣೆಗೆ ಬೆಂಗಳೂರಿನ ಪೇಟೆಯನ್ನೇ ತಗೊಳ್ಳಿ. ಕೆಂಪೇಗೌಡ ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿಸಿ ಬೀದಿ ಗುರುತು ಮಾಡಿಸಿದ ಅನ್ನೋ ಕಥೆ ಕೇಳಿದ್ದೀರಿ. ಆ ಕಥೆಯ ಜಾಗ ದೊಡ್ಡಪೇಟೆ ವೃತ್ತ, ಅಂದ್ರೆ ಇವತ್ತಿನ ಅವೆನ್ಯೂ ರಸ್ತೆಯೂ ಚಿಕ್ಕಪೇಟೆಯೂ ಕೂಡುವ ಜಾಗ. ಅವೆನ್ಯೂ ರಸ್ತೆ ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಕೆ.ಆರ್. ಮಾರ್ಕೆಟ್ಟಿನ ಕಡೆ ಸರಿಸುಮಾರು ಉತ್ತರ-ದಕ್ಷಿಣ. ಚಿಕ್ಕಪೇಟೆ ಪೂರ್ವ-ಪಶ್ಚಿಮ. ಒಂದೇ ಊರು, ಒಂದೇ ಥರದ ಕಟ್ಟಡ, ಒಂದೇ ಥರದ ಇಕ್ಕಟ್ಟು. ಬಿಸಿಲಿನ ವಿಷಯಕ್ಕೆ ಬಂದರೆ ಮಾತ್ರ ಎರಡೂ ಬೇರೆ ಬೇರೆ ಲೋಕ.

ಮೊದಲು ಅವೆನ್ಯೂ ರಸ್ತೆ. ಅಲ್ಲಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೊಂಡು ಓದಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಕಟ್ಟಡದ ಎತ್ತರ ಅಲ್ಲಿ ಒಂದೇ ಸಮ ಇಲ್ಲ, ಬೀದಿಯ ಅಗಲವೂ ಇಲ್ಲ. ಲೆಕ್ಕ ಸುಲಭ ಆಗಲಿ ಅಂತ 30 ಅಡಿ ಬೀದಿ, 30 ಅಡಿ ಕಟ್ಟಡ ಅಂತಿಟ್ಟುಕೊಳ್ಳೋಣ. ದಿನ ಏಪ್ರಿಲ್ 24ರ ಆಸುಪಾಸು. ಆ ದಿನ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ನಿಮ್ಮ ನೆರಳು ನಿಮ್ಮ ಕಾಲಡಿಗೇ ಬೀಳುತ್ತೆ. ಆದರೆ ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12.20ಕ್ಕೆ. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವಕ್ಕಿರುವ ಮಿರ್ಜಾಪುರದ ಕಡೆಯ ಸೂರ್ಯನ ಪ್ರಕಾರ. ಸೂರ್ಯ ಅಲ್ಲಿ ನೆತ್ತಿಗೆ ಬಂದು ಇಪ್ಪತ್ತು ನಿಮಿಷ ಆದ ಮೇಲೆ ನಮ್ಮಲ್ಲಿಗೆ ಬರ್ತಾನೆ. ಇದನ್ನು ಮರೆತರೆ ನೆರಳಿನ ಲೆಕ್ಕ ಎಲ್ಲಾ ಇಪ್ಪತ್ತು ನಿಮಿಷ ತಪ್ಪುತ್ತೆ.

ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ. ಹಾಗಾಗಿ ಪೂರ್ವ ಬದಿಯ ಕಟ್ಟಡಗಳ ನೆರಳು ಬೀದಿಯ ಮೇಲೆ ಬೀಳುತ್ತೆ. 9.20ಕ್ಕೆ ಆ ನೆರಳಿನ ಅಗಲ ಸುಮಾರು 28 ಅಡಿ, ಅಂದ್ರೆ ಹೆಚ್ಚೂಕಮ್ಮಿ ಇಡೀ ಬೀದಿ ನೆರಳು. 10.20ಕ್ಕೆ 17 ಅಡಿ, ಅರ್ಧ ಬೀದಿಗಿಂತ ಸ್ವಲ್ಪ ಜಾಸ್ತಿ. 11.20ಕ್ಕೆ 8 ಅಡಿ, ಪೂರ್ವದ ಫುಟ್‌ಪಾತಿಗೆ ಮಾತ್ರ ಸಾಕು. 12.20ಕ್ಕೆ ಸೊನ್ನೆ. ಆಮೇಲೆ ಇದೇ ಕಥೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತೆ. ಪಶ್ಚಿಮ ಬದಿಯ ಕಟ್ಟಡದ ನೆರಳು 1.20ಕ್ಕೆ 8 ಅಡಿ, 2.20ಕ್ಕೆ 17 ಅಡಿ, ಮೂರೂವರೆ ಹೊತ್ತಿಗೆ ಬೀದಿ ತುಂಬಾ.

ಇದನ್ನು ನಂಬಲು ಪುಸ್ತಕ ಬೇಡ. ನಿಮ್ಮ ಮೈಯೇ ಅಳತೆಗೋಲು. ಏಪ್ರಿಲ್ ಕೊನೆಯ ದಿನಗಳಲ್ಲಿ 9.20ಕ್ಕೆ ಬಯಲಲ್ಲಿ ನಿಂತು ನಿಮ್ಮ ನೆರಳನ್ನು ಅಳೆಯಿರಿ, ಹೆಚ್ಚೂಕಮ್ಮಿ ನಿಮ್ಮಷ್ಟೇ ಉದ್ದ ಇರುತ್ತೆ. ಮನುಷ್ಯನ ನೆರಳು ಮನುಷ್ಯನಷ್ಟಿದ್ದರೆ ಕಟ್ಟಡದ ನೆರಳು ಕಟ್ಟಡದಷ್ಟು. 10.20ಕ್ಕೆ ನಿಮ್ಮ ನೆರಳು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಕಟ್ಟಡದ್ದೂ ಹಾಗೇ.

ಈಗ ಅದೇ ಬೀದಿಯನ್ನು 60 ಅಡಿ ಮಾಡೋಣ. ಎರಡೂ ಬದಿ ಕಟ್ಟಡ ಕೊಯ್ದು ಹಿಂದಕ್ಕೆ ತಳ್ಳಿದ್ದಾರೆ, ಎತ್ತರ ಮೊದಲಿನಷ್ಟೇ ಉಳಿದಿದೆ ಅಂತಿಟ್ಟುಕೊಳ್ಳಿ. ಪೂರ್ವ ಬದಿಯ ಫುಟ್‌ಪಾತಿನಲ್ಲಿ ಒಬ್ಬ ಅಕ್ಕ ಸೊಪ್ಪು ಇಟ್ಟುಕೊಂಡು ಕೂತಿದ್ದಾರೆ. ಬೆಳಗಿನ ನೆರಳು ಬರುವುದು ಬೆನ್ನ ಹಿಂದಿನ ಗೋಡೆಯಿಂದ, ಹಾಗಾಗಿ ಅಲ್ಲಿಯವರೆಗೆ ಅವರಿಗೆ ವ್ಯತ್ಯಾಸ ಏನೂ ಗೊತ್ತಾಗುವುದಿಲ್ಲ. ಮಧ್ಯಾಹ್ನ 12.20 ದಾಟಿದ ಮೇಲೆ ಬಿಸಿಲು ನೇರ ಮುಖಕ್ಕೆ. ಇನ್ನು ಅವರಿಗೆ ನೆರಳು ಬರಬೇಕಾದದ್ದು ಎದುರು ಬದಿಯ ಕಟ್ಟಡದಿಂದ. ಬೀದಿ 30 ಅಡಿ ಇದ್ದಾಗ ಆ ನೆರಳು ಅವರನ್ನು ಮುಟ್ಟುತ್ತಿದ್ದದ್ದು ಮೂರೂವರೆಯೊಳಗೆ. 60 ಅಡಿ ಆದ ಮೇಲೆ ಮುಟ್ಟುವುದು 4.40ಕ್ಕೆ. ಏಪ್ರಿಲ್-ಮೇ ತಿಂಗಳಲ್ಲಿ ಗಾಳಿ ಅತಿ ಹೆಚ್ಚು ಕಾದಿರುವ ಹೊತ್ತು ಯಾವುದು? ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಅಂದ್ರೆ ಆ ಅಕ್ಕನ ದಿನಕ್ಕೆ ಒಂದೂಕಾಲು ತಾಸು ಬಿಸಿಲು ಸೇರಿತು, ಅದೂ ದಿನದ ಅತಿ ಕೆಟ್ಟ ಬಿಸಿಲು. ಎದುರು ಬದಿಯಲ್ಲಿ ಕೂತವರಿಗೆ ಬೆಳಿಗ್ಗೆ ಅಷ್ಟೇ ನಷ್ಟ. ಮೊದಲು 9.10ರವರೆಗೆ ಇದ್ದ ನೆರಳು ಈಗ ಎಂಟು ಗಂಟೆಗೇ ಜಾಗ ಖಾಲಿ ಮಾಡುತ್ತೆ.

ಸೊಪ್ಪು ಮಾರುವವರನ್ನು ಕೇಳಿ ನೋಡಿ. ಒಬ್ಬರು ನನಗೆ ಹೇಳಿದ್ದು ಇಷ್ಟೇ: "ಅಣ್ಣಾ, ನಾನ್ ಬಾಡಿದ್ರೆ ನಡೀತದೆ, ಸೊಪ್ಪು ಬಾಡಿದ್ರೆ ಯಾರ್ ತಗಂತಾರೆ? ಹತ್ತಕ್ಕೆ ಮಾರೋ ಕಟ್ನ ಐದಕ್ಕೆ ಕೊಡ್ಬೇಕು." ನೀರು ಚಿಮುಕಿಸಿ ಚಿಮುಕಿಸಿ ಗೋಣಿಚೀಲ ಒದ್ದೆ ಮಾಡುವುದು ಬಿಟ್ಟರೆ ಅವರ ಕೈಯಲ್ಲಿ ಬೇರೆ ಉಪಾಯ ಇಲ್ಲ. ಆ ನೀರನ್ನೂ ಯಾವುದಾದರೂ ಹೋಟೆಲಿನ ನಲ್ಲಿಯಿಂದ ಬೇಡಿ ತರಬೇಕು. ಒಂದೂಕಾಲು ತಾಸಿನ ಬೆಲೆ ಅದು.

ಇಂಜಿನಿಯರುಗಳ ಜೊತೆ ಮಾತಾಡುವಾಗ ಒಂದು ವಾದ ಎದುರಾಗುತ್ತೆ. "ನೆರಳಲ್ಲೂ ಬಿಸಿಲಲ್ಲೂ ಥರ್ಮಾಮೀಟರ್ ಇಟ್ಟು ನೋಡಿ, ಗಾಳಿಯ ಉಷ್ಣಾಂಶದಲ್ಲಿ ಒಂದೆರಡು ಡಿಗ್ರಿ ಫರಕು, ಅಷ್ಟಕ್ಕೆ ಇಷ್ಟೆಲ್ಲಾ ಗಲಾಟೆಯಾ?" ಫರಕಿನ ಅಂಕಿ ಸರಿ. ಸಾಧಾರಣ ಬೀದಿಗಳಲ್ಲಿ ಗಾಳಿ ಅತ್ತಿತ್ತ ಹರಿದು ಬೆರೆತುಕೊಳ್ಳುವುದರಿಂದ ಆ ಬದಿಗೂ ಈ ಬದಿಗೂ ಗಾಳಿಯ ಉಷ್ಣಾಂಶ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಆದರೆ ಮನುಷ್ಯನ ಮೈಗೆ ಬಿಸಿ ತಗಲುವುದು ಗಾಳಿಯಿಂದ ಮಾತ್ರ ಅಲ್ಲ. ನೆತ್ತಿ ಮೇಲಿನ ಸೂರ್ಯ ನೇರವಾಗಿ ಸುಡುತ್ತಾನೆ. ಕಾದ ಟಾರು ಕೆಳಗಿನಿಂದ ಕಾವು ಬಿಡುತ್ತೆ. ಬೇಸಿಗೆ ಮಧ್ಯಾಹ್ನ ಬಿಸಿಲಿಗೆ ಬಿದ್ದ ಟಾರು 50 ಡಿಗ್ರಿ ದಾಟುವುದು ಮಾಮೂಲು. ಕಾದ ಗೋಡೆ, ಎಳೆದುಬಿಟ್ಟ ಕಬ್ಬಿಣದ ಶಟರ್, ನಿಂತ ಬಸ್ಸಿನ ತಗಡು, ಎಲ್ಲವೂ ಪಕ್ಕದಿಂದ ಕಾವು ಬಿಡುತ್ತವೆ. ಬೀದಿಯ ತಂಪು-ಬಿಸಿ ಅಳೆಯುವ ಸಂಶೋಧಕರು ಇದಕ್ಕೇ ಬರೀ ಥರ್ಮಾಮೀಟರ್ ಇಡುವುದಿಲ್ಲ, ಕಪ್ಪು ಅಥವಾ ಬೂದು ಬಣ್ಣದ ಗೋಳದೊಳಗೆ ಥರ್ಮಾಮೀಟರ್ ಕೂರಿಸಿ ಅಳೀತಾರೆ. ಆ ಗೋಳ ನಮ್ಮ ಮೈ ಇದ್ದ ಹಾಗೆ, ಎಲ್ಲಾ ಕಡೆಯ ಕಾವನ್ನೂ ಕುಡಿಯುತ್ತೆ. ಅದನ್ನು ಬಿಸಿಲಿನಿಂದ ಎತ್ತಿ ನೆರಳಿಗೆ ಇಟ್ಟಾಗ ಕಾಣುವ ವ್ಯತ್ಯಾಸ ಒಂದೆರಡು ಡಿಗ್ರಿಯದಲ್ಲ. ಸಾಯೇಬರು ಎ.ಸಿ. ಕಾರಿನಿಂದ ಇಳಿದು ಎರಡು ನಿಮಿಷ ನಿಂತು ಹೋಗ್ತಾರೆ, ಅವರಿಗೆ ಗಾಳಿಯ ಉಷ್ಣಾಂಶವೇ ಲೆಕ್ಕ. ಟಾರಿನ ಪಕ್ಕದಲ್ಲಿ ನೆಲಕ್ಕೇ ಕೂತವರ ಲೆಕ್ಕ ಬೇರೆ. ನಿಂತವರಿಗಿಂತ ಅವರ ಮುಖ ಆ ಟಾರಿಗೆ ಮೂರಡಿ ಹತ್ತಿರ.

ಬೀದಿ ವಿಪರೀತ ಇಕ್ಕಟ್ಟಾದರೆ ಗಾಳಿಯ ಉಷ್ಣಾಂಶವೂ ಇಳಿಯುತ್ತೆ ಅನ್ನೋದಕ್ಕೆ ಪುರಾವೆ ಇದೆ. ಮೊರಾಕ್ಕೋ ದೇಶದ ಫೆಜ್ ಊರಿನಲ್ಲಿ ಎರಿಕ್ ಯೋಹಾನ್ಸನ್ ಅನ್ನೋ ಸಂಶೋಧಕ ಎರಡು ಥರದ ಬೀದಿಗಳನ್ನು ಅಳೆದು 2006ರಲ್ಲಿ ಪ್ರಕಟಿಸಿದ್ರು. ಒಂದು ಹಳೇ ಊರಿನ ಗಲ್ಲಿ, ಅಗಲದ ಹತ್ತಿರ ಹತ್ತು ಪಟ್ಟು ಎತ್ತರದ ಗೋಡೆ. ಇನ್ನೊಂದು ಹೊಸ ಬಡಾವಣೆಯ ಬೀದಿ, ಅನುಪಾತ 0.6. ಬೇಸಿಗೆ ಮಧ್ಯಾಹ್ನ ಗಲ್ಲಿ ಸರಾಸರಿ 6 ಡಿಗ್ರಿ ತಂಪು, ಅತಿ ಬಿಸಿಯ ದಿನಗಳಲ್ಲಿ 10 ಡಿಗ್ರಿವರೆಗೆ. ಆದರೆ ಚಳಿಗಾಲದಲ್ಲಿ ಅದೇ ಗಲ್ಲಿ ಕೊರೆಯುತ್ತೆ, ಬಿಸಿಲು ಬೀಳುವ ಹೊಸ ಬೀದಿಯೇ ಹಿತ ಅಂತಲೂ ಅವರೇ ಬರೆದಿದ್ದಾರೆ. ಫೆಜ್ ನಮ್ಮೂರಲ್ಲ. ಅಲ್ಲಿನದು ಒಣ ಹವೆ, ಅಲ್ಲಿನ ಸೂರ್ಯ ನಮ್ಮಲ್ಲಿಯ ಹಾಗೆ ನೆತ್ತಿಗೆ ಬರುವುದೇ ಇಲ್ಲ. ಅಲ್ಲಿಯ ಅಂಕಿಯನ್ನು ತಂದು ಇಲ್ಲಿ ಅಂಟಿಸಬೇಡಿ. ಗೋಡೆ-ಅಗಲದ ಸಂಬಂಧ ಕೆಲಸ ಮಾಡುತ್ತೆ ಅನ್ನೋದಕ್ಕೆ ಸಾಕ್ಷಿ ಅಂತ ಮಾತ್ರ ಇಟ್ಟುಕೊಳ್ಳಿ.

ಈಗ ಚಿಕ್ಕಪೇಟೆಗೆ ಬನ್ನಿ. ಇಲ್ಲಿ ನಾನು ಮೇಲೆ ಹೇಳಿದ ಲೆಕ್ಕ ಪೂರ್ತಿ ಉಲ್ಟಾ. ಬೀದಿ ಪೂರ್ವ-ಪಶ್ಚಿಮವಾಗಿ ಮಲಗಿದೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಬೀದಿಯ ಒಂದು ತುದಿಯಿಂದ ಹತ್ತಿ, ನೆತ್ತಿ ಮೇಲೆ ಹಾದು, ಇನ್ನೊಂದು ತುದಿಗೆ ಇಳೀತಾನೆ. ಹಗಲಿಡೀ ಅವನು ಬೀದಿಯ ಜಾಡಿನಲ್ಲೇ ಇರ್ತಾನೆ. ಕಟ್ಟಡದ ನೆರಳು ಬೀಳುವುದು ಬೀದಿಯ ಉದ್ದಕ್ಕೆ, ಪಕ್ಕದ ಕಟ್ಟಡದ ಮೇಲೆ. ಬೀದಿಗೆ ಅಡ್ಡಲಾಗಿ ಅಲ್ಲ. ಅದೇ 30 ಅಡಿ ಬೀದಿ, 30 ಅಡಿ ಕಟ್ಟಡಕ್ಕೆ 9.30ರಿಂದ 3 ಗಂಟೆಯವರೆಗೆ ಸಿಗುವ ನೆರಳು ಮೂರಡಿಯೂ ಇಲ್ಲ. ಹತ್ತೂವರೆಗೆ ಒಂದಡಿ. ಕಟ್ಟಡವನ್ನು ಇಮ್ಮಡಿ ಎತ್ತರಿಸಿದರೂ ಹತ್ತೂವರೆಗೆ ಎರಡಡಿ. ಅನುಪಾತ 1 ಇರಲಿ, 2 ಇರಲಿ, ಈ ದಿಕ್ಕಿನ ಬೀದಿಗೆ ಆ ದಿನಗಳಲ್ಲಿ ಗೋಡೆ ಕೆಲಸಕ್ಕೆ ಬರುವುದಿಲ್ಲ.

ಮಾರ್ಚ್ 21ರ ಸುಮಾರಿಗೆ ಇದೇ ಬೀದಿಯಲ್ಲಿ ಇನ್ನೊಂದು ವಿಚಿತ್ರ ನೋಡಬಹುದು. ಆಗ ಸೂರ್ಯ ಸ್ವಲ್ಪ ದಕ್ಷಿಣಕ್ಕೆ ವಾಲಿರ್ತಾನೆ. ದಕ್ಷಿಣ ಬದಿಯ 30 ಅಡಿ ಕಟ್ಟಡ ತನ್ನ ಮುಂದಿನ ಫುಟ್‌ಪಾತಿಗೆ ಸುಮಾರು 7 ಅಡಿ ನೆರಳು ಕೊಡುತ್ತೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಆ 7 ಅಡಿ ಬದಲಾಗುವುದೇ ಇಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟು ನೋಡಿ. ಅಲ್ಲಿಂದ ಒಂದು ತಿಂಗಳು ಆ ಪಟ್ಟಿ ದಿನಾ ಸ್ವಲ್ಪ ಸ್ವಲ್ಪ ಕರಗಿ ಏಪ್ರಿಲ್ ಕೊನೆಗೆ ಮಾಯ. ಜೂನಿನಲ್ಲಿ ಸೂರ್ಯ ಉತ್ತರಕ್ಕೆ ದಾಟಿ, ನೆರಳು ಎದುರು ಬದಿಯ ಫುಟ್‌ಪಾತಿಗೆ ಬರುತ್ತೆ, ನಡುಮಧ್ಯಾಹ್ನಕ್ಕೆ ಐದೂವರೆ ಅಡಿಯಷ್ಟು. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ 22 ಅಡಿ, ಮುಕ್ಕಾಲು ಬೀದಿ ನೆರಳು. ಯಾರಿಗೆ ಬೇಕಿತ್ತು ಆಗ? ಶೆಖೆಗೆ ಸಾಯುವಾಗ ಕೈಕೊಟ್ಟು, ಚಳಿಯಲ್ಲಿ ಧಾರಾಳ ಆಗುವುದು ಪೂರ್ವ-ಪಶ್ಚಿಮ ಬೀದಿಯ ಗುಣ. ಕಲಬುರಗಿಯವರು ಈ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಹಾಕಿಕೊಳ್ಳಿ. ನಿಮಗೆ ಸೂರ್ಯ ನೆತ್ತಿಗೆ ಬರುವುದು ಮೇ ತಿಂಗಳ ಎರಡನೇ ವಾರದ ಆಸುಪಾಸು, ಉಳಿದದ್ದೆಲ್ಲ ಅದೇ.

ಹಾಗಾದ್ರೆ ಇಂಥ ಬೀದಿಗೆ ಮದ್ದೇನು? ತಲೆ ಮೇಲಿನ ಹೊದಿಕೆ. ಸಜ್ಜೆ, ಚಪ್ಪರ, ತಾಡಪಾಲು, ಮರ. ಇದರಲ್ಲೂ ಎತ್ತರದ ಲೆಕ್ಕ ಇದೆ. ಹತ್ತಡಿ ಎತ್ತರದಲ್ಲಿ ಮೂರಡಿ ಚಾಚಿದ ಸಜ್ಜೆ ನಡುಮಧ್ಯಾಹ್ನ ಕೆಳಗೆ ಕೂತವರಿಗೆ ಮೂರಡಿ ನೆರಳು ಕೊಡುತ್ತೆ. ಪೂರ್ವ-ಪಶ್ಚಿಮ ಬೀದಿಯಲ್ಲಿ ಅದು ಅಂಗಡಿ ಸಾಲಿನ ಉದ್ದಕ್ಕೂ ಕಡಿಯದೆ ಹೋಗಬೇಕು. ಒಂದೊಂದು ಅಂಗಡಿಗೆ ತುಂಡು ತುಂಡಾಗಿದ್ದರೆ ಬೆಳಿಗ್ಗೆಯೂ ಮಧ್ಯಾಹ್ನವೂ ಓರೆಯಾಗಿ ಬಿಸಿಲು ಸಂದಿಯಲ್ಲಿ ನುಗ್ಗುತ್ತೆ, ನೆರಳು ಪಕ್ಕದ ಅಂಗಡಿ ಮುಂದೆ ಬಿದ್ದಿರುತ್ತೆ. ಮೂರನೇ ಮಹಡಿಯ ಮೇಲೆ ಚಂದಕ್ಕೆ ಚಾಚಿದ ಸಜ್ಜೆಯ ಕಥೆಯೂ ಅಷ್ಟೇ, ಸೂರ್ಯ ಸ್ವಲ್ಪ ವಾಲಿದರೂ ಅದರ ನೆರಳು ಎಲ್ಲೋ ಹೋಗಿ ಬೀಳುತ್ತೆ. ನೆರಳು ಬೇಕಾದ ಜಾಗಕ್ಕೆ ಹೊದಿಕೆ ಹತ್ತಿರ ಇರಬೇಕು.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ. ಹಳೇ ಪೇಟೆ ಬಹಳ ತಂಪಾಗಿತ್ತು, ಜಗುಲಿ ಇತ್ತು, ದಾರಿಹೋಕರು ಕೂತು ದಣಿವಾರಿಸಿಕೊಳ್ತಿದ್ರು ಅಂತ ಪರಂಪರೆಯ ಹಾಡು ಹಾಡುವವರು ಇದ್ದಾರೆ. ಯಾವ ದಾರಿಹೋಕರು? ಆ ಜಗುಲಿಯ ನೆರಳಿನಲ್ಲಿ ನಮ್ಮ ಅಜ್ಜ ಕೂರುವ ಹಾಗಿರಲಿಲ್ಲ. ಜಗುಲಿಯ ನೆರಳು ಮನೆಯವರ ಸ್ವತ್ತು, ಅಂಗಡಿಯ ಸಜ್ಜೆ ಅಂಗಡಿಯವನ ಸ್ವತ್ತು, ಅವನು ಏಳು ಅಂದ್ರೆ ಏಳಬೇಕು. ಎದುರು ಗೋಡೆಯಿಂದ ಬೀದಿಗೆ ಬೀಳುವ ನೆರಳಿಗೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದಕ್ಕೇ ಬೀದಿಯ ಅನುಪಾತದ ಬಗ್ಗೆ ನನಗೆ ಇಷ್ಟು ಆಸ್ಥೆ. ಪೂರ್ವ-ಪಶ್ಚಿಮ ಬೀದಿಯಲ್ಲಿ ಗೋಡೆ ಕೈಕೊಡುವುದರಿಂದ ಅಲ್ಲಿ ಹೊದಿಕೆಯನ್ನು ನಗರಸಭೆಯೇ ಫುಟ್‌ಪಾತಿನ ಮೇಲೆ ಹಾಕಿಸಬೇಕು, ಅಂಗಡಿಯವರ ದಾಕ್ಷಿಣ್ಯಕ್ಕೆ ಬಿಡಬಾರದು. ಈಗ ನಡೆಯುತ್ತಿರುವುದು ತದ್ವಿರುದ್ಧ. ತರಕಾರಿಯವರು ನಾಲ್ಕು ಗಳ ನೆಟ್ಟು ತಾಡಪಾಲು ಕಟ್ಟಿದರೆ ಒತ್ತುವರಿ ಅಂತ ಕಿತ್ತು ಲಾರಿಗೆ ಹಾಕ್ತಾರೆ.

ಇಕ್ಕಟ್ಟು ಬೀದಿ ಅಂದ್ರೆ ಎಲ್ಲಾ ಚೆಂದ ಅಂತಲೂ ಅಲ್ಲ. ಅನುಪಾತ ಸುಮಾರು 0.7 ದಾಟಿದ ಮೇಲೆ, ಬೀದಿಗೆ ಅಡ್ಡಲಾಗಿ ಬೀಸುವ ಗಾಳಿ ಕೆಳಗೆ ಸರಿಯಾಗಿ ಇಳಿಯುವುದಿಲ್ಲ, ಮಾಳಿಗೆಗಳ ಮೇಲೇ ಜಾರಿಕೊಂಡು ಹೋಗುತ್ತೆ. ಬೀದಿಯ ಉದ್ದಕ್ಕೆ ಬೀಸುವ ಗಾಳಿಗೆ ತೊಂದರೆ ಇಲ್ಲ. ಹಾಗಾಗಿ ಇಕ್ಕಟ್ಟಿನ ಬೀದಿಯಲ್ಲಿ ಆಟೊ, ಟೆಂಪೊ, ಬೈಕು ಎಲ್ಲಾ ಬಿಟ್ಟರೆ ಹೊಗೆ ಅಲ್ಲೇ ಸುತ್ತುತ್ತಾ ಇರುತ್ತೆ. ರಾತ್ರಿಯ ವಿಷಯ ಇನ್ನೊಂದು. ಹಗಲು ಕಾದ ಗೋಡೆ, ನೆಲ ತಣ್ಣಗಾಗಬೇಕಾದರೆ ತಮ್ಮ ಕಾವನ್ನು ಆಕಾಶಕ್ಕೆ ಬಿಡಬೇಕು. ಆಳದ ಬೀದಿಯಲ್ಲಿ ಆಕಾಶ ಕಾಣುವುದೇ ಒಂದು ಸೀಳು. ಕೆನಡಾದ ಟಿ.ಆರ್. ಓಕ್ 1981ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ರು, ಅನುಪಾತ ಏರಿದಷ್ಟೂ ಊರೊಳಗಿನ ರಾತ್ರಿ ಹೊರಗಿನ ಹಳ್ಳಿಗಿಂತ ಬಿಸಿ ಅಂತ. ರಾತ್ರಿ ಅಂಗಡಿ ಮುಂದೆಯೇ ಮಲಗುವ ಹಮಾಲರಿಗೆ ಇದು ಪುಸ್ತಕದ ವಿಷಯ ಅಲ್ಲ, ಮಗ್ಗುಲು ಬದಲಾಯಿಸುತ್ತಾ ಕಳೆಯುವ ರಾತ್ರಿ. ನನ್ನ ಅಭಿಪ್ರಾಯದಲ್ಲಿ ಹಗಲು ವ್ಯಾಪಾರದ ಬೀದಿಗೆ ಹಗಲಿನ ನೆರಳೇ ಮುಖ್ಯ ಆಗಬೇಕು, ಆದರೆ ಮೂರು-ನಾಲ್ಕು ಪಟ್ಟು ಎತ್ತರದ ಕಟ್ಟಡ ಬರಲಿ ಅಂತ ಕೇಳುವುದೂ ಬೇಡ. 1ರಿಂದ 2ರವರೆಗೆ ಇರುವ ಹಳೇ ಮಾರ್ಕೆಟ್ ಬೀದಿಯನ್ನು ಇದ್ದ ಹಾಗೆ ಉಳಿಸಿ, ವಾಹನವನ್ನು ಹೊರಗೆ ಹಾಕಿ. ಹೊಗೆ ಸಮಸ್ಯೆ ಅಂತ ಬೀದಿ ಅಗಲ ಮಾಡಿದ್ರೆ ಇನ್ನಷ್ಟು ಗಾಡಿ ಬರುತ್ತೆ, ನೆರಳು ಹೋದದ್ದು ಹೋಯಿತು. ಅವೆನ್ಯೂ ರಸ್ತೆಯನ್ನು ಅಗಲ ಮಾಡಬೇಕು ಅನ್ನೋ ಮಾತು ಹಿಂದೆ ಎದ್ದಾಗ ವ್ಯಾಪಾರಿಗಳು ವಿರೋಧ ಮಾಡಿದ್ರು. ಅವರು ತಮ್ಮ ಅಂಗಡಿಗೋಸ್ಕರ ಮಾಡಿದ್ದು, ಸರಿ. ಅವರ ಅಂಗಡಿಯ ಗೋಡೆ ಬೀದಿಯಲ್ಲಿ ಕೂತವರಿಗೆ ಏನು ಕೊಡ್ತಿದೆ ಅಂತ ಹೇಳಬೇಕಾದವರು ನಾವು.

"ಅಗಲ ಮಾಡಿದ ಮೇಲೆ ಎತ್ತರದ ಕಟ್ಟಡ ಬರುತ್ತಲ್ಲ, ನೆರಳು ವಾಪಸ್ ಬಂತಲ್ಲ" ಅಂತ ಒಬ್ಬ ಗೆಳೆಯ ವಾದ ಮಾಡಿದ. ಪಾಯಿಂಟು ಇದೆ. ನಮ್ಮ ಕಟ್ಟಡ ನಿಯಮಗಳಲ್ಲಿ ರಸ್ತೆ ಅಗಲ ಆದಷ್ಟೂ ಹೆಚ್ಚು ಕಟ್ಟಲು ಅವಕಾಶ ಕೊಡ್ತಾರೆ, 60 ಅಡಿ ರಸ್ತೆಗೆ 60 ಅಡಿ ಕಟ್ಟಡ ಬಂದರೆ ಅನುಪಾತ ಮತ್ತೆ 1. ಆದರೆ ಆ ಕಟ್ಟಡ ಸಾಲಾಗಿ ಏಳಲು ಹತ್ತು-ಹದಿನೈದು ವರ್ಷ. ಒಂದು ಎದ್ದು ಪಕ್ಕದ್ದು ಏಳದಿದ್ದರೆ ನೆರಳು ಹಲ್ಲು ಬಿದ್ದ ಬಾಯಿ ಥರ. ಜೊತೆಗೆ ಹೊಸ ಕಟ್ಟಡ ಮುಂದೆ ಪಾರ್ಕಿಂಗಿಗೆ ಜಾಗ ಬಿಟ್ಟು ಹಿಂದೆ ಸರಿದು ನಿಲ್ಲುತ್ತೆ. ನಕ್ಷೆಯಲ್ಲಿ ರಸ್ತೆ 60 ಅಡಿ, ಗೋಡೆಯಿಂದ ಗೋಡೆಗೆ ಅಳೆದರೆ 80. ಅಷ್ಟು ಹೊತ್ತಿಗೆ ಅಲ್ಲಿ ಸೊಪ್ಪು ಮಾರುತ್ತಿದ್ದವರು ಅಲ್ಲೇ ಇರ್ತಾರೆ ಅಂತ ಯಾರು ಬರೆದುಕೊಡ್ತಾರೆ?

ಈಗ ನಾವು ಏನು ಮಾಡಬಹುದು ಅನ್ನೋದಕ್ಕೆ ಬರ್ತೀನಿ. ನಾನು ಗುಮಾಸ್ತ, ಫೈಲು ಹೇಗೆ ಓಡುತ್ತೆ ಅಂತ ಗೊತ್ತು. ರಸ್ತೆ ಯೋಜನೆ ಅಂದ್ರೆ ಅದರಲ್ಲಿ ಕ್ರಾಸ್ ಸೆಕ್ಷನ್ ಅಂತ ಒಂದು ಚಿತ್ರ ಇರುತ್ತೆ, ರಸ್ತೆಯನ್ನು ಬ್ರೆಡ್ ಥರ ಅಡ್ಡಡ್ಡ ಕೊಯ್ದರೆ ಹೇಗೆ ಕಾಣುತ್ತೆ ಅಂತ. ನಾನು ನೋಡಿದ ಅಂಥ ಚಿತ್ರಗಳಲ್ಲಿ ಚರಂಡಿ ಇರುತ್ತೆ, ಪೈಪು ಇರುತ್ತೆ, ಟಾರಿನ ದಪ್ಪ ಮಿಲಿಮೀಟರಿನಲ್ಲಿ ಇರುತ್ತೆ. ಕಟ್ಟಡ ಇರುವುದಿಲ್ಲ. ರಸ್ತೆಯ ಗಡಿ ಬಂದ ತಕ್ಷಣ ಚಿತ್ರ ಮುಗಿಯುತ್ತೆ, ಪಕ್ಕದಲ್ಲಿ ಬಯಲಿದೆಯೋ ಅನ್ನುವ ಹಾಗೆ. ಗೋಡೆಯನ್ನೇ ಬರೆಯದ ಮೇಲೆ ನೆರಳನ್ನು ಎಲ್ಲಿ ಬರೀತಾರೆ? ಮಾಹಿತಿ ಹಕ್ಕಿನಲ್ಲಿ ಆ ಚಿತ್ರ ತಗೊಳ್ಳಿ. ಎರಡೂ ಬದಿಯ ಕಟ್ಟಡದ ಎತ್ತರ ಹಾಕಿ, ಏಪ್ರಿಲ್ 24ರ ಬೆಳಿಗ್ಗೆ 10.20ಕ್ಕೂ ಮಧ್ಯಾಹ್ನ 3.20ಕ್ಕೂ ಈಗಿನ ಅಗಲಕ್ಕೆ ಎಷ್ಟು ನೆರಳು, ಹೊಸ ಅಗಲಕ್ಕೆ ಎಷ್ಟು ನೆರಳು ಅಂತ ತೋರಿಸಿ ಅಂತ ಆಕ್ಷೇಪಣೆ ಬರೆಯಿರಿ. ಅವರು ತೋರಿಸದಿದ್ದರೆ ನೀವೇ ಸ್ಕೇಲು ಹಿಡಿದು ಬರೆದು ಲಗತ್ತಿಸಿ.

ಎರಡನೆಯದು ಬೀದಿ ವ್ಯಾಪಾರಿಗಳ 2014ರ ಕಾಯ್ದೆ. ಆ ಕಾಯ್ದೆಯಲ್ಲಿ ಪಟ್ಟಣ ಮಾರಾಟ ಸಮಿತಿ ಇದೆ, ಅದರಲ್ಲಿ ಕಡಿಮೆ ಅಂದ್ರೂ ಶೇಕಡಾ 40 ಸದಸ್ಯರು ಬೀದಿ ವ್ಯಾಪಾರಿಗಳಿಂದಲೇ ಆಯ್ಕೆಯಾಗಿ ಬರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಪ್ರಾತಿನಿಧ್ಯ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತೆ. ಮಾರಾಟ ವಲಯ ಎಲ್ಲಿ ಅನ್ನೋ ವಿಚಾರ ಈ ಸಮಿತಿ ಮುಂದೆ ಬರುತ್ತೆ. ಸಮಿತಿಯಲ್ಲಿ ಇರುವ ನಮ್ಮವರು ಅಲ್ಲಿ ಕೇಳಬೇಕಾದದ್ದು ಒಂದು ಪ್ರಶ್ನೆ: ಬಿಳಿ ಪಟ್ಟಿ ಯಾವ ಬದಿಗೆ ಬಳೀತೀರಿ?

ನಮ್ಮ ಜಿಲ್ಲೆಯ ಒಂದು ಪಟ್ಟಣದಲ್ಲಿ ಉತ್ತರ-ದಕ್ಷಿಣದ ಬೀದಿಗೆ ಈ ಪಟ್ಟಿ ಬಳಿದರು, ಪೂರ್ವದ ಬದಿಗೆ. ಕಾರಣ ಕೇಳಿದ್ರೆ ಆ ಬದಿಗೆ ಬಸ್ ನಿಲ್ಲಲ್ಲ ಅಂತ. ಬೆಳಿಗ್ಗೆ ಅಧಿಕಾರಿಗಳು ಬಂದು ನೋಡಿದಾಗ ಅಲ್ಲಿ ನೆರಳಿತ್ತು, ಎಲ್ಲರಿಗೂ ಸರಿ ಅನ್ನಿಸಿತು. ಲೆಕ್ಕ ಹಾಕಿ ನೋಡಿ. ಅನುಪಾತ 1ರ ಬೀದಿಯಲ್ಲಿ ಪೂರ್ವ ಬದಿಗೆ ಬಿಸಿಲು ಬೀಳುವುದು 12.20ರಿಂದ ಮೂರೂವರೆಯವರೆಗೆ, ಅಂದ್ರೆ ಗಾಳಿಯೂ ಕಾದು ಕೆಂಡ ಆಗಿರುವಾಗ. ಪಶ್ಚಿಮ ಬದಿಗೆ, ಅಂದ್ರೆ ಪೂರ್ವಕ್ಕೆ ಬಾಗಿಲಿರುವ ಅಂಗಡಿಗಳ ಮುಂದೆ, ಬಿಸಿಲು 9.10ರಿಂದ 12.20ರವರೆಗೆ. ತಾಸಿನ ಲೆಕ್ಕದಲ್ಲಿ ಎರಡೂ ಒಂದೇ, ಆದರೆ ಆಗ ಗಾಳಿ ಇನ್ನೂ ಅಷ್ಟು ಕಾದಿರುವುದಿಲ್ಲ. ಅಲ್ಲಿ ಗೋಡೆಯಿಂದ ನಾಲ್ಕಡಿ ಒಳಗೆ ಕೂತವರಿಗೆ ಮಧ್ಯಾಹ್ನ ಒಂದು ಗಂಟೆಯೊಳಗೆ ನೆರಳು ಬಂದುಬಿಡುತ್ತೆ, ಸಂಜೆಯವರೆಗೆ ಹೋಗುವುದಿಲ್ಲ. ದಿನಪೂರ್ತಿ ಕೂರುವ ತರಕಾರಿ, ಹಣ್ಣಿನವರಿಗೆ ಪಶ್ಚಿಮದ ಬದಿ. ಹತ್ತೂವರೆ-ಹನ್ನೊಂದಕ್ಕೆ ವ್ಯಾಪಾರ ಮುಗಿಸಿ ಏಳುವ ಹೂವಿನವರಿಗೆ ಪೂರ್ವದ ಬದಿ. ಒಂದು ಡಬ್ಬ ಬಿಳಿ ಬಣ್ಣದ ಖರ್ಚು ಎರಡಕ್ಕೂ ಅಷ್ಟೇ.

ಅಳತೆ ಹೇಗೆ ಅಂತ ಕೇಳುವವರಿಗೆ: ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ, ಸಾಮಾನ್ಯ ಹೆಜ್ಜೆ ಎರಡೂವರೆ ಅಡಿ. ಮಹಡಿ ಎಣಿಸಿ, ಒಂದಕ್ಕೆ ಹತ್ತಡಿ, ಮೇಲೆ ತಾರಸಿಯ ಮೋಟುಗೋಡೆಗೆ ಮೂರಡಿ ಸೇರಿಸಿ. ಫೋನಿನ ದಿಕ್ಸೂಚಿಯಲ್ಲಿ ಬೀದಿಯ ದಿಕ್ಕು ನೋಡಿ. ಬೀದಿ ಓರೆಯಾಗಿದ್ದರೆ ಮೇಲಿನ ಎರಡು ಲೆಕ್ಕದ ನಡುವೆ ಎಲ್ಲೋ ಬರುತ್ತೆ, ಆಗ ಸೀಮೆಸುಣ್ಣವೇ ಗತಿ: 10, 12, 2, 4 ಗಂಟೆಗೆ ನೆರಳಿನ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದು ಫೋಟೊ ತೆಗೆಯಿರಿ. ಒಂದೇ ದಿನದ ಕೆಲಸ, ಇಬ್ಬರು ಸಾಕು. ಮಳೆಗಾಲದ ಮೋಡದಲ್ಲಿ ಮಾಡಬೇಡಿ, ಡಿಸೆಂಬರಿನಲ್ಲೂ ಮಾಡಬೇಡಿ, ಆಗಿನ ನೆರಳು ನೋಡಿ ಬೇಸಿಗೆಗೆ ಪಟ್ಟಿ ಬಳಿದರೆ ಮೋಸ ಹೋಗ್ತೀರಿ. ಮಾರ್ಚ್ ಕೊನೆಯಿಂದ ಮೇ ಒಳಗೆ ಮಾಡಿ.

ನಿಮ್ಮ ಊರಿನ ಮಾರ್ಕೆಟ್ ಬೀದಿಯ ಅಗಲ, ಮಹಡಿ, ದಿಕ್ಕು, ಈ ಮೂರನ್ನು ನನಗೆ ಬರೆದು ಕಳಿಸಿ. ಯಾವ ಬದಿಗೆ ಎಷ್ಟು ಗಂಟೆಗೆ ನೆರಳು ಬರುತ್ತೆ ಅಂತ ಲೆಕ್ಕ ಹಾಕಿ ಕೊಡ್ತೀನಿ. ಭಾನುವಾರ ನನಗೆ ರಜೆ.